ನವೆಂಬರ್ 2026: ನಮ್ಮ ಪೇಜ್‌ನ ಕ್ಯಾಲೆಂಡರ್

ಠಾಣೆ ಅಕ್ಕ, ಡೊಂಬಿವಲಿ ತಮ್ಮ, ಇಬ್ಬರೂ ಓದಿ ಇವತ್ತು ರಾತ್ರಿಯೊಳಗೆ ಹೇಳಿ.

ಗಣಪತಿ ಹಬ್ಬಕ್ಕೆ ನಾವು ಮಾಡಿದ ರೀಲ್‌ಗಳೆಲ್ಲ ವಿಸರ್ಜನೆಯ ದಿನವೇ ಮುಳುಗಿದವು. ಹೋದ ವರ್ಷದ ಲೋಕಲ್ ಪಾಸ್ ವಿಡಿಯೋವನ್ನು ಮಾತ್ರ ಇವತ್ತಿಗೂ ಜನ ಹುಡುಕಿಕೊಂಡು ಬಂದು ನೋಡ್ತಾರೆ. ಅದಕ್ಕೇ ಈ ತಿಂಗಳ 18 ಪೋಸ್ಟ್‌ಗಳಲ್ಲಿ 13 ಯಾವಾಗ ನೋಡಿದರೂ ಹಳತಾಗದಂಥವು. ಉಳಿದ ಐದೂ ಭಾನುವಾರದವು.

ಸೋಮವಾರ, ‘ಒಂದು ಕಟ್ಟಡ, ಒಂದು ಕಥೆ’. 2ಕ್ಕೆ ಮಾಟುಂಗಾದ ಮೈಸೂರು ಅಸೋಸಿಯೇಷನ್. ಶುರುವಾದದ್ದು 1926ರಲ್ಲಿ, ಅಂದರೆ ಇದು ನೂರನೇ ವರ್ಷ. 9 ದೀಪಾವಳಿ ಮರುದಿನ, ಯಾರೂ ಹೊಸದು ನೋಡಲ್ಲ, ಹಳೆಯದನ್ನೇ ಮತ್ತೆ ಹಾಕೋಣ. 16ಕ್ಕೆ ಕಲಿನಾದ ಕನ್ನಡ ವಿಭಾಗ. 23, 30 ಅಕ್ಕ ಹೇಳಿದ ಹಾಗೆ.

ಬುಧವಾರ, ‘ಎಲೆ ಊಟ’. 4ಕ್ಕೆ ಮಾಟುಂಗಾ ಸ್ಟೇಷನ್ ಪಕ್ಕದ ರಾಮ ನಾಯಕರ ಉಡುಪಿ ಬೋರ್ಡಿಂಗ್, 1942ರದ್ದು. ತಮ್ಮಾ, ಊಟದ ರಶ್‌ನಲ್ಲಿ ಕ್ಯಾಮೆರಾ ಹಿಡಿದರೆ ಬಡಿಸುವವರ ಕಾಲಿಗೆ ಅಡ್ಡ. ಮೊದಲೇ ಹೋಗಿ ಕೇಳಿ ಬಾ. ಅನ್ನದ ಮೇಲೆ ಸಾರು ಬೀಳುವ ಒಂದು ಶಾಟ್ ಸಾಕು, ಮ್ಯೂಸಿಕ್ ಬೇಡ.

ಶುಕ್ರವಾರ, ‘ಅವರದ್ದೋ ನಮ್ಮದೋ’. ಮರಾಠಿ–ಕನ್ನಡ ಜೋಡಿ ಪದಗಳು, ಮೂವತ್ತು ಸೆಕೆಂಡ್. ತುಪ್ಪ–ತೂಪ್, ಅಡಕೊತ್ತು–ಅಡಕಿತ್ತಾ. ನಾಲ್ಕನ್ನೂ ಒಂದೇ ದಿನ ಶೂಟ್ ಮಾಡಿ ಮುಗಿಸೋಣ. ಶರ್ಟ್ ಬದಲಾಯಿಸೋದು ಮರೀಬೇಡಿ, ಹೋದ ಸಲ ತಿಂಗಳಿಡೀ ನನ್ನದು ಅದೇ ನೀಲಿ ಶರ್ಟ್!

1ನೇ ತಾರೀಖು ರಾಜ್ಯೋತ್ಸವ. ಎಲ್ಲರೂ ಬಾವುಟ ಹಾಕ್ತಾರೆ, ನಾವೂ ಹಾಕಿದರೆ ಗುಂಪಲ್ಲಿ ಗೋವಿಂದ. ನಾವು ಮ್ಯಾಪ್ ತೋರಿಸೋಣ. 1956ರ ನವೆಂಬರ್ 1ರ ತನಕ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಎಲ್ಲ ಮುಂಬಯಿ ರಾಜ್ಯದಲ್ಲೇ ಇದ್ದವು. ಕರ್ನಾಟಕ ಅನ್ನೋ ಹೆಸರು ಬಂದದ್ದು 1973ರಲ್ಲಿ. ಹಬ್ಬದ ದಿನ ಓಡುತ್ತೆ, ಬರುವ ವರ್ಷವೂ ಓಡುತ್ತೆ. ಕ್ಯಾಪ್ಷನ್‌ನಲ್ಲಿ ‘ಇವತ್ತು’ ಅಂತ ಬರೀಬೇಡಿ, ಅಷ್ಟೇ.

8 ದೀಪಾವಳಿ, ಚಾಳಿನ ಗೂಡುದೀಪ. 15, 22, 29 ಖಾಲಿ ಬಿಟ್ಟಿದ್ದೇನೆ, ಬೇಕಂತಲೇ. ಆ ವಾರ ಜನ ಏನು ಮಾತಾಡ್ತಾರೋ ಅದಕ್ಕೆ. ಆದರೆ ಅದರಲ್ಲಿ ಮುಂಬೈ ಕನ್ನಡಿಗರಿಗೆ ಸಂಬಂಧಪಟ್ಟದ್ದು ಏನಾದರೂ ಇರಬೇಕು, ಒಂದೇ ದಿನದಲ್ಲಿ ಮಾಡಿ ಮುಗಿಸುವಂತಿರಬೇಕು. ಶನಿವಾರ ಸಂಜೆ ಆರರೊಳಗೆ ಏನೂ ಸಿಗದಿದ್ದರೆ ಸ್ಟಾಕ್‌ನಿಂದ ಒಂದು ತೆಗೆದು ಹಾಕಿ. ಸುಮ್ನೆ ಟ್ರೆಂಡಿಂಗ್ ಹಾಡಿಗೆ ತುಟಿ ಆಡಿಸೋದು ಬೇಡ.

ಇನ್ನೊಂದು, ಇದು ನವೆಂಬರ್‌ಗೆ ಕಾಯೋದಿಲ್ಲ. ರೈಲು ಟಿಕೆಟ್ 60 ದಿನ ಮುಂಚೆ ಸಿಗುತ್ತೆ. ಕ್ರಿಸ್‌ಮಸ್ ರಜೆಗೆ ಡಿಸೆಂಬರ್ 24ರ ಮತ್ಸ್ಯಗಂಧ ಹಿಡಿಯುವವರು ಅಕ್ಟೋಬರ್ 25ರ ಬೆಳಿಗ್ಗೆ ಎಂಟಕ್ಕೆ ಫೋನ್ ಹಿಡಿದು ಕೂತಿರಬೇಕು. ಆ ವಿಡಿಯೋ 22ಕ್ಕೇ ಹೋಗಬೇಕು. ಅಕ್ಕಾ, ಸ್ಕ್ರಿಪ್ಟ್ ಭಾನುವಾರದೊಳಗೆ ಕಳಿಸ್ತೀರಾ?