ಬಂದ್ಯಾ ಅಕ್ಕ!

ಬಾ, ಬಾ, ಒಳಗೆ ಬಾ! ಗೇಟಿನ ಸದ್ದು ಕೇಳಿದ ತಕ್ಷಣ ನೀನೇ ಅಂತ ಗೊತ್ತಾಯಿತು. ಆ ಬ್ಯಾಗ್ ಇಲ್ಲಿ ಕೊಡು, ನೀನು ಎತ್ತಬೇಡ. ಅಯ್ಯೋ, ಭುಜದ ಮೇಲೆ ಪಟ್ಟಿಯ ಗುರುತು ಕೆಂಪಗೆ ಮೂಡಿದೆಯಲ್ಲ! ಎರಡು ರಾತ್ರಿ ರೈಲಿನಲ್ಲಿ ಒಂಚೂರಾದರೂ ನಿದ್ದೆ ಬಂತಾ? ಕಣ್ಣು ನೋಡಿದರೆ ಹಾಗೆ ಕಾಣುವುದಿಲ್ಲ. ಶೂ ಬಿಚ್ಚು, ಕಾಲು ಊದಿಕೊಂಡಿದೆ ಅಲ್ವಾ?

ಮೊದಲು ಈ ನೀರು ಕುಡಿ. ಸ್ನಾನಕ್ಕೆ ಬಿಸಿನೀರು ಕಾದಿದೆ, ಟವೆಲ್ ಅಲ್ಲೇ ಇಟ್ಟಿದ್ದೇನೆ. ಪ್ರಯಾಣದ ಕಥೆಯೆಲ್ಲ ನಾಳೆ ಹೇಳುವೆಯಂತೆ, ಇವತ್ತು ಊಟ ಮಾಡಿ ಸುಮ್ನೆ ಮಲಗು. ನೀನು ಬಂದೆಯಲ್ಲ, ನನಗೆ ಅಷ್ಟೇ ಸಾಕು.

ಅಪ್ಪ ಇಷ್ಟು ಹೊತ್ತು ಇಲ್ಲೇ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಈಗಷ್ಟೇ ಕಣ್ಣು ಹತ್ತಿದೆ. ಹೋಗು, ನೀನೇ ಎಬ್ಬಿಸು.