ಧಾರವಾಡದ ರಂಗೋತ್ಸವಕ್ಕೆ ಮೂರು ದಿನದ ರಜೆ ಕೋರಿ

ದಿನಾಂಕ: 22 ಅಕ್ಟೋಬರ್ 2026
ತಿಪಟೂರು

ಇವರಿಂದ:
ರಂಗಸ್ವಾಮಿ
ಲೆಕ್ಕಪತ್ರ ವಿಭಾಗ

ಇವರಿಗೆ:
ವ್ಯವಸ್ಥಾಪಕರು
ತೆಂಗಿನಪುಡಿ ಘಟಕ, ತಿಪಟೂರು

ವಿಷಯ: ನವೆಂಬರ್ 12, 13 ಮತ್ತು 14ರಂದು ಗಳಿಕೆ ರಜೆ ಕೋರಿ

ಮಾನ್ಯರೇ,

ನಮ್ಮೂರಿನ ಮೂಡಲಪಾಯ ಯಕ್ಷಗಾನ ತಂಡಕ್ಕೆ ಧಾರವಾಡದಲ್ಲಿ ನಡೆಯುವ ರಾಜ್ಯಮಟ್ಟದ ಜಾನಪದ ರಂಗೋತ್ಸವಕ್ಕೆ ಕರೆ ಬಂದಿದೆ. ನವೆಂಬರ್ 14, ಶನಿವಾರ ಸಂಜೆ ನಮ್ಮ ಆಟ. ನಾನು ಆ ತಂಡದಲ್ಲಿ ಮುಖವೀಣೆ ನುಡಿಸುತ್ತೇನೆ. ಇದಕ್ಕಾಗಿ ಗುರುವಾರದಿಂದ ಶನಿವಾರದವರೆಗೆ ಮೂರು ದಿನ ರಜೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಭಾನುವಾರ ಹೇಗೂ ವಾರದ ರಜೆ. ಸೋಮವಾರ, 16ರ ಬೆಳಿಗ್ಗೆ ಎಂದಿನ ಹೊತ್ತಿಗೆ ಕೆಲಸಕ್ಕೆ ಬರುತ್ತೇನೆ.

ಆಯುಧಪೂಜೆಯ ದಿನ ಯಂತ್ರಗಳಿಗೆ ಪೂಜೆ ಆಗುವಾಗ ನಾನು ನುಡಿಸಿದ್ದನ್ನು ತಾವು ನಿಂತು ಕೇಳಿದಿರಿ. ನಾಗಸ್ವರದ ಹಾಗಿದೆ, ಆದರೆ ಇಷ್ಟು ಚಿಕ್ಕದಾಗಿದೆಯಲ್ಲ ಎಂದು ಕೈಗೆ ತೆಗೆದುಕೊಂಡು ನೋಡಿದಿರಿ. ಅದೇ ಮುಖವೀಣೆ. ಆಟದಲ್ಲಿ ಭಾಗವತರು ಪದ ಹಾಡುವಾಗ ಅವರ ದನಿಯ ಹಿಂದೆಯೇ ಅದು ಹೋಗಬೇಕು. ಅವರು ಉಸಿರಿಗೆ ನಿಲ್ಲಿಸಿದ ಕಡೆ ರಾಗ ಬೀಳದಂತೆ ಹಿಡಿದಿರಬೇಕು. ಮೂಗಿನಲ್ಲಿ ಉಸಿರೆಳೆದುಕೊಳ್ಳುತ್ತಾ ಕೆನ್ನೆಯಲ್ಲಿ ತುಂಬಿಕೊಂಡ ಗಾಳಿಯನ್ನು ಬಿಡುತ್ತಾ ಹೋಗುವುದು ಅಭ್ಯಾಸದಿಂದಲೇ ಬರುವ ಕೆಲಸ. ಮದ್ದಳೆಗೆ, ತಾಳಕ್ಕೆ ನಮ್ಮಲ್ಲಿ ಇನ್ನೊಬ್ಬರು ಸಿಗುತ್ತಾರೆ. ಮುಖವೀಣೆಗೆ ನಾನು ಬಿಟ್ಟರೆ ಸದ್ಯಕ್ಕೆ ಯಾರೂ ಇಲ್ಲ. ನನಗೆ ಕಲಿಸಿದ ಹಿರಿಯರಿಗೆ ಈಗ ಹಲ್ಲು ಹೋಗಿದೆ, ಪೀಪಿ ತುಟಿಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ನಾನು ಹೋಗದಿದ್ದರೆ ತಂಡವೇ ಹೋಗುವಂತಿಲ್ಲ.

ಒಂದು ಸಂಜೆಯ ಆಟಕ್ಕೆ ಮೂರು ದಿನ ಯಾಕೆ ಎಂದು ತಮಗೆ ಅನ್ನಿಸಬಹುದು. ನಾವು ಊರಲ್ಲಿ ಆಡುವುದು ಇಡೀ ರಾತ್ರಿಯ ಆಟ. ಅಲ್ಲಿ ಕೊಟ್ಟಿರುವುದು ಒಂದೂವರೆ ಗಂಟೆ. 'ಕರಿಭಂಟನ ಕಾಳಗ'ವನ್ನು ಅಷ್ಟರಲ್ಲಿ ಮುಗಿಸಬೇಕಾದರೆ ಯಾವ ಪದ ಇಟ್ಟುಕೊಳ್ಳುವುದು, ಯಾವ ಕುಣಿತ ಬಿಡುವುದು ಎಂದು ಎಲ್ಲರೂ ಕೂತು ಕೂಡಿಸಬೇಕು. ಸುಮ್ನೆ ಕತ್ತರಿಸಿದರೆ ಕಥೆಯ ಕೊಂಡಿ ತಪ್ಪುತ್ತದೆ. ವೇಷಧಾರಿಗಳಲ್ಲಿ ಹೆಚ್ಚಿನವರು ತೋಟ, ಹೊಲ ನೋಡಿಕೊಳ್ಳುವವರು, ಇಬ್ಬರು ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾರೆ. ದೀಪಾವಳಿ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಸಿಗುವುದು ಗುರುವಾರ ಮಾತ್ರ. ಅಂದು ಹಗಲಿಡೀ ತಾಲೀಮು. ಶುಕ್ರವಾರ ಬೆಳಿಗ್ಗೆ ರೈಲಿಗೆ ಹೊರಡುತ್ತೇವೆ. ಕಿರೀಟ, ಭುಜಕೀರ್ತಿ, ಎದೆಹಾರ ಎಲ್ಲ ಹಳೆಯ ಮರದವು. ಅವು ಸಣ್ಣ ಟೆಂಪೋದಲ್ಲಿ ಬೇರೆ ಬರುತ್ತವೆ. ಶನಿವಾರ ಬೆಳಿಗ್ಗೆ ರಂಗದ ಮೇಲೆ ದನಿ, ಬೆಳಕು ನೋಡಿಕೊಳ್ಳಲು ಸಮಯ ಕೊಟ್ಟಿದ್ದಾರೆ. ಮೈಕಿನ ಮುಂದೆ ಮುಖವೀಣೆ ಜಾಸ್ತಿ ಕೂಗುತ್ತದೆ, ಭಾಗವತರ ಪದವೇ ಕೇಳಿಸುವುದಿಲ್ಲ. ಅದನ್ನು ಮೊದಲೇ ಸರಿ ಮಾಡಿಕೊಳ್ಳಲೇಬೇಕು.

ನನ್ನ ಕೆಲಸದ ವಿಷಯ. ಜಿಎಸ್‌ಟಿಯ ಮಾರಾಟದ ವಿವರ 11ರೊಳಗೆ ಸಲ್ಲಿಕೆ ಆಗಬೇಕು. ಅದನ್ನು ನಾನು ದೀಪಾವಳಿಗೆ ಮೊದಲೇ ಮುಗಿಸಿ ತಮಗೆ ತೋರಿಸುತ್ತೇನೆ. ತೆರಿಗೆ ಕಟ್ಟುವ ರಿಟರ್ನ್‌ಗೆ 20ರವರೆಗೆ ಸಮಯವಿದೆ, ಬಂದ ಮೇಲೆ ನಾನೇ ಮಾಡುತ್ತೇನೆ. ಶುಕ್ರವಾರ ಲೋಡ್ ಹೋಗುವುದರಿಂದ ಅಂದಿನ ಇನ್‌ವಾಯ್ಸ್ ಮತ್ತು ಇ-ವೇ ಬಿಲ್ ಮಾತ್ರ ನನ್ನ ಗೈರಿನಲ್ಲಿ ಆಗಬೇಕಾದ ಕೆಲಸ. ಗೋಡೌನ್ ನೋಡಿಕೊಳ್ಳುವ ಸಹೋದ್ಯೋಗಿಯ ಜೊತೆ ಮಾತಾಡಿದ್ದೇನೆ. ಅವರು ಒಪ್ಪಿದ್ದಾರೆ. ಮುಂದಿನ ಎರಡು ಶುಕ್ರವಾರ ನನ್ನ ಪಕ್ಕದಲ್ಲೇ ಕೂತು ಅವರೇ ಬಿಲ್ ಮಾಡುತ್ತಾರೆ. ಲಾರಿ ನಂಬರ್ ಬದಲಾದರೆ ಏನು ಮಾಡಬೇಕು ಎಂಬುದನ್ನೂ ಬರೆದು ಮೇಜಿನ ಮೇಲೆ ಅಂಟಿಸಿಡುತ್ತೇನೆ. ಶುಕ್ರವಾರ ರೈಲಿನಲ್ಲಿದ್ದರೂ ಫೋನ್ ಎತ್ತುತ್ತೇನೆ. ಶನಿವಾರ ಸಂಜೆ ಮಾತ್ರ ಆಗುವುದಿಲ್ಲ.

ನನ್ನ ಖಾತೆಯಲ್ಲಿ ಗಳಿಕೆ ರಜೆ ಉಳಿದಿದೆ. ಅದು ಕಷ್ಟವಾದರೆ ಸಂಬಳವಿಲ್ಲದ ರಜೆಯಾದರೂ ಒಪ್ಪಿಗೆ. ಮೂರು ದಿನ ಸಾಧ್ಯವೇ ಇಲ್ಲ ಎನ್ನುವಂತಿದ್ದರೆ ಗುರುವಾರ ಮಧ್ಯಾಹ್ನದವರೆಗೆ ಕೆಲಸ ಮಾಡಿ ತಾಲೀಮಿಗೆ ಹೋಗುತ್ತೇನೆ. ಶುಕ್ರವಾರ, ಶನಿವಾರ ಮಾತ್ರ ದಯವಿಟ್ಟು ಬಿಟ್ಟುಕೊಡಿ.

ನಮ್ಮ ಕಡೆಯ ಈ ಆಟವನ್ನು ಉತ್ತರ ಕರ್ನಾಟಕದ ಜನ ಅಷ್ಟಾಗಿ ನೋಡಿಲ್ಲ. ಅವರ ದೊಡ್ಡಾಟ, ಸಣ್ಣಾಟದ ನಡುವೆ ನಮ್ಮ ಮೂಡಲಪಾಯವೂ ನಿಲ್ಲಬೇಕು ಎಂಬುದು ತಂಡದ ಎಲ್ಲರ ಆಸೆ. ನನಗೆ ಕಲಿಸಿದವರೂ ಈ ಸಲ ಜೊತೆಗೆ ಬರುತ್ತೇನೆ ಎಂದಿದ್ದಾರೆ.

ಆಯೋಜಕರ ಆಹ್ವಾನ ಪತ್ರದ ಪ್ರತಿ ಲಗತ್ತಿಸಿದ್ದೇನೆ. ತಂಡದವರ ಹೆಸರನ್ನು ಅಕ್ಟೋಬರ್ 31ರೊಳಗೆ ಕಳಿಸಬೇಕು, ರೈಲಿನ ಟಿಕೆಟ್ ಕೂಡ ಆಗಲೇ ಮಾಡಿಸಬೇಕು. ಅದಕ್ಕೆ ಮುಂಚೆ ತಮ್ಮ ಉತ್ತರ ಸಿಕ್ಕರೆ ಅನುಕೂಲ. ಬಂದು ಮಾತಾಡು ಎಂದರೆ ಯಾವಾಗ ಕರೆದರೂ ಬರುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ರಂಗಸ್ವಾಮಿ

ಲಗತ್ತು: ಆಹ್ವಾನ ಪತ್ರದ ಪ್ರತಿ