ಶಿಫಾರಸು ಪತ್ರ: ಚೈತ್ರಾ ಎಚ್. ಆರ್., ಬಿ.ಎಸ್ಸಿ. ವಿದ್ಯಾರ್ಥಿವೇತನಕ್ಕಾಗಿ

ದಿನಾಂಕ: 12 ಜೂನ್ 2025

ಗೆ,
ಕಾರ್ಯದರ್ಶಿಗಳು,
ವಿದ್ಯಾರ್ಥಿವೇತನ ಆಯ್ಕೆ ಸಮಿತಿ,
ಮೈಸೂರು

ಮಾನ್ಯರೇ,

ಚೈತ್ರಾ ನಮ್ಮ ಕಾಲೇಜಿನಲ್ಲಿ 2023ರಿಂದ 2025ರವರೆಗೆ ಪಿಸಿಎಂಬಿ ಓದಿದ ವಿದ್ಯಾರ್ಥಿನಿ. ಎರಡೂ ವರ್ಷ ಅವಳಿಗೆ ಜೀವಶಾಸ್ತ್ರ ಪಾಠ ಮಾಡಿದವನು ನಾನೇ. ಎನ್‌ಎಸ್‌ಎಸ್ ಘಟಕದ ಹೊಣೆಯೂ ನನ್ನದೇ ಆಗಿದ್ದರಿಂದ ತರಗತಿಯ ಹೊರಗೂ ಅವಳನ್ನು ನೋಡಿದ್ದೇನೆ. ಅರ್ಜಿಯ ಜೊತೆ ಅಪ್‌ಲೋಡ್ ಮಾಡಿರುವ ಹನ್ನೊಂದು ಪ್ರಮಾಣಪತ್ರಗಳನ್ನೂ ತಾನೇ ಬರೆದ ಸಾಧನೆಗಳ ಪಟ್ಟಿಯನ್ನೂ ನನಗೆ ಕಳಿಸಿದ್ದಳು. ಮೂಲಪ್ರತಿಗಳನ್ನು ತರಿಸಿ ಒಂದೊಂದನ್ನೂ ತಾಳೆ ನೋಡಿದ್ದೇನೆ. ಎಲ್ಲವೂ ಸರಿಯಾಗಿವೆ.

ಆದರೆ ಹನ್ನೊಂದಕ್ಕೂ ಒಂದೇ ತೂಕ ಇಲ್ಲ. ರಸಪ್ರಶ್ನೆ, ಚಿತ್ರಕಲೆ, ಯೋಗ ದಿನಾಚರಣೆಯ ಪತ್ರಗಳು ಬಂದವರಿಗೆಲ್ಲ ಕೊಡುವಂಥವು. ಶಾಲೆಯಲ್ಲಿದ್ದಾಗ ಪ್ರತಿಭಾ ಕಾರಂಜಿಯಲ್ಲಿ ಭಾವಗೀತೆಗೆ ತಾಲ್ಲೂಕು ಮಟ್ಟದಲ್ಲಿ ಮೊದಲ ಬಹುಮಾನ ಬಂದಿದೆ. ಸಂತೋಷ, ಆದರೆ ಅದನ್ನು ನಾನು ಕೇಳಿಲ್ಲ.

ಅಂಕಪಟ್ಟಿಗಳನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೋಡಬೇಕೆಂದು ಕೋರುತ್ತೇನೆ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 583, ದ್ವಿತೀಯ ಪಿಯುಸಿಯಲ್ಲಿ 600ಕ್ಕೆ 529. ಸುಮ್ನೆ ಶೇಕಡಾವಾರು ನೋಡಿದರೆ 93ರಿಂದ 88ಕ್ಕೆ ಇಳಿದಂತೆ ಕಾಣುತ್ತದೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಪಿಯುಸಿ ವಿಜ್ಞಾನ ಇಂಗ್ಲಿಷಿನಲ್ಲಿ ಎದುರಾಗುತ್ತದೆ. ಮೊದಲ ಕಿರುಪರೀಕ್ಷೆಯಲ್ಲಿ ಈಕೆ ಭೌತಶಾಸ್ತ್ರ, ಗಣಿತ ಎರಡರಲ್ಲೂ ಪಾಸಾಗಿರಲಿಲ್ಲ. ಅಲ್ಲಿಂದ ಬೋರ್ಡ್ ಪರೀಕ್ಷೆಯಲ್ಲಿ 84 ಮತ್ತು 79ಕ್ಕೆ ಬಂದಿದ್ದಾಳೆ, ಟ್ಯೂಷನ್ ಇಲ್ಲದೆ. ಜೀವಶಾಸ್ತ್ರದ 97ಕ್ಕಿಂತ ನನಗೆ ಆ 79ರ ಮೇಲೆ ಜಾಸ್ತಿ ಗೌರವ.

ಮಕ್ಕಳ ವಿಜ್ಞಾನ ಸಮಾವೇಶದ ಪತ್ರದಲ್ಲಿರುವುದು ‘ಜಿಲ್ಲಾ ಮಟ್ಟದಲ್ಲಿ ಭಾಗವಹಿಸಿದ್ದಾರೆ’ ಎಂಬ ಒಂದು ಸಾಲು ಅಷ್ಟೇ. ಪಟ್ಟಿಯಲ್ಲೂ ಅವಳು ಅದನ್ನು ಕೊನೆಗೆ ಹಾಕಿದ್ದಾಳೆ. ನಾನಾಗಿದ್ದರೆ ಮೊದಲು ಹಾಕುತ್ತಿದ್ದೆ. ನಮ್ಮ ಅರಸೀಕೆರೆ ಸೀಮೆಯ ತೆಂಗಿಗೆ ಕಪ್ಪುತಲೆ ಹುಳುವಿನ ಕಾಟ ನಿಮಗೂ ಗೊತ್ತಿರುತ್ತದೆ. ಅದನ್ನು ಹತೋಟಿಗೆ ತರಲು ಗೋನಿಯೋಜಸ್ ಎಂಬ ಸಣ್ಣ ಕಣಜವನ್ನು ತೋಟಕ್ಕೆ ಬಿಡುತ್ತಾರೆ. ಚೈತ್ರಾ ಕಣಜ ಬಿಟ್ಟ ಒಂದು ತೋಟ, ಬಿಡದ ಒಂದು ತೋಟ ಆರಿಸಿಕೊಂಡಳು. ಅಪ್ಪನಿಂದ ಕೆಳಗಿನ ಗರಿಗಳನ್ನು ಕೊಯ್ಯಿಸಿ, ಎಲೆಯ ಅಡಿಭಾಗದಲ್ಲಿ ಹಿಕ್ಕೆ ಮತ್ತು ನೂಲಿನಿಂದ ಹುಳು ಕಟ್ಟಿಕೊಂಡ ಗೂಡುಗಳನ್ನು ಒಂದೊಂದಾಗಿ ಬಿಡಿಸಿ ಎಣಿಸಿದಳು. ಕೊನೆಗೆ ಎರಡು ತೋಟಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಈ ವಯಸ್ಸಿನ ಮಕ್ಕಳು ಇಂಥ ಕಡೆ ಲೆಕ್ಕವನ್ನು ಸ್ವಲ್ಪ ‘ಸರಿಪಡಿಸುವುದು’ ಹೊಸದಲ್ಲ, ಅಲ್ವಾ? ಇವಳು ಇದ್ದದ್ದನ್ನು ಇದ್ದ ಹಾಗೇ ಬರೆದಳು. ಆಮೇಲೆ ಕಾರಣ ಹುಡುಕಿಕೊಂಡು ಹೋದಳು. ಕಣಜ ಮೊಟ್ಟೆ ಇಡುವುದು ಬೆಳೆದ ಹುಳುಗಳ ಮೇಲೆ. ಬಿಟ್ಟ ಸಮಯದಲ್ಲಿ ಎಲೆಯಲ್ಲಿ ಜಾಸ್ತಿ ಇದ್ದದ್ದು ಮರಿಹುಳುಗಳು. ಇದೇ ಕಾರಣ ಇರಬಹುದು, ಖಚಿತವಾಗಿ ಹೇಳಲು ಇನ್ನೊಂದು ಹಂಗಾಮು ನೋಡಬೇಕು ಎಂದು ವರದಿ ಮುಗಿಸಿದ್ದಳು. ರಾಜ್ಯ ಮಟ್ಟಕ್ಕೆ ಆಯ್ಕೆಯಾಗಲಿಲ್ಲ. ಮರುವರ್ಷ ಬೇಸಿಗೆಯಲ್ಲಿ, ಯಾವ ಸ್ಪರ್ಧೆಯೂ ಇಲ್ಲದಿದ್ದರೂ, ಅದೇ ತೋಟಗಳಿಗೆ ಹೋಗಿ ಮತ್ತೆ ಎಣಿಸಿದ್ದಾಳೆ. ಇದು ಪಟ್ಟಿಯಲ್ಲಿ ಇಲ್ಲ. ಆ ನೋಟ್‌ಬುಕ್ ನಾನು ನೋಡಿದ್ದೇನೆ.

ಎನ್‌ಎಸ್‌ಎಸ್ ವಿಶೇಷ ಶಿಬಿರದಲ್ಲಿ ಅಡುಗೆ ಸಾಮಾನಿನ ಲೆಕ್ಕ ಅವಳ ಕೈಯಲ್ಲಿತ್ತು. ಏಳೂ ದಿನದ ರಸೀದಿಗಳನ್ನು ದಾರದಲ್ಲಿ ಪೋಣಿಸಿ ಕೊಟ್ಟಳು. ಒಂದೂ ಕಡಿಮೆ ಇರಲಿಲ್ಲ.

ಇನ್ನು ಹಣದ ವಿಷಯ. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಪಾಸು ಮಾಡಿ ಒಂಬತ್ತರಿಂದ ದ್ವಿತೀಯ ಪಿಯುಸಿಯವರೆಗೆ ವರ್ಷಕ್ಕೆ 12,000 ರೂಪಾಯಿ ಪಡೆದಿದ್ದಾಳೆ. ಆ ಯೋಜನೆ ಅಲ್ಲಿಗೆ ಮುಗಿಯುತ್ತದೆ. ಅಪ್ಪನಿಗೆ ಒಂದೂವರೆ ಎಕರೆ ತೆಂಗು, ಅಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ತಮ್ಮ ಈ ವರ್ಷ ಹತ್ತನೇ ತರಗತಿ. ಚೈತ್ರಾ ಸೇರಬೇಕೆಂದಿರುವುದು ಮೈಸೂರಿನ ಯುವರಾಜ ಕಾಲೇಜಿಗೆ. ಶುಲ್ಕವನ್ನು ಹೇಗೋ ಹೊಂದಿಸಬಹುದು, ಊಟ ವಸತಿಯ ಖರ್ಚು ಈ ಮನೆಯಿಂದ ಆಗುವ ಮಾತಲ್ಲ.

ಒಂದು ವಿಷಯ ಮೊದಲೇ ತಿಳಿಸಿಬಿಡುತ್ತೇನೆ. ಸಂದರ್ಶನದಲ್ಲಿ ಇವಳು ಮಾತು ಕಡಿಮೆ. ಇಂಗ್ಲಿಷಿನಲ್ಲಿ ಕೇಳಿದರೆ ಇನ್ನೂ ಕಡಿಮೆ. ‘ನಿನ್ನ ಬಗ್ಗೆ ಹೇಳು’ ಎಂದರೆ ಎರಡು ವಾಕ್ಯಕ್ಕೆ ನಿಲ್ಲಿಸುತ್ತಾಳೆ. ದಯವಿಟ್ಟು ಕನ್ನಡದಲ್ಲಿ, ಆ ಎರಡು ತೋಟಗಳ ಬಗ್ಗೆ ಕೇಳಿ. ನೋಟ್‌ಬುಕ್ ಜೊತೆಗೆ ತರಲು ಹೇಳಿದ್ದೇನೆ.

ಈ ವಿದ್ಯಾರ್ಥಿವೇತನಕ್ಕೆ ಚೈತ್ರಾಳ ಹೆಸರನ್ನು ಪೂರ್ಣ ಮನಸ್ಸಿನಿಂದ ಶಿಫಾರಸು ಮಾಡುತ್ತೇನೆ. ಹೆಚ್ಚಿನ ವಿವರ ಬೇಕಿದ್ದರೆ ಕಾಲೇಜಿನ ವಿಳಾಸಕ್ಕೆ ಬರೆಯಬಹುದು.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಕೆ. ಎಂ. ಶಿವಲಿಂಗಯ್ಯ
ಜೀವಶಾಸ್ತ್ರ ಉಪನ್ಯಾಸಕರು
ಸರ್ಕಾರಿ ಪದವಿಪೂರ್ವ ಕಾಲೇಜು, ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ